ಒಂದೇ ಸೂಚನೆ, ಎರಡು ವೇಗ: ನರದ ವಿದ್ಯುತ್ ಮಿಡಿತ ಹುಟ್ಟುವ ಬಗೆ

ನರಕೋಶ ಸುಮ್ಮನಿರುವಾಗ ಅದರ ಪೊರೆಯ ಒಳಬದಿ ಹೊರಬದಿಗಿಂತ ಸುಮಾರು 60 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ಸಂದೇಶ ಹಾಯುವ ಗಳಿಗೆಯಲ್ಲಿ ಈ ವ್ಯತ್ಯಾಸ ಅಳಿಯುವುದಷ್ಟೇ ಅಲ್ಲ, ತಲೆಕೆಳಗಾಗುತ್ತದೆ. ಒಳಬದಿ ಸುಮಾರು 40 ಮಿಲಿವೋಲ್ಟ್ ಧನವಾಗಿ, ಒಂದೆರಡು ಮಿಲಿಸೆಕೆಂಡಿನೊಳಗೆ ಮತ್ತೆ ಋಣಕ್ಕೆ ಮರಳುತ್ತದೆ. ಈ ಏರಿಳಿತವೇ ಕ್ರಿಯಾವಿಭವ. ತರಗತಿಗಳಲ್ಲಿ ಆಕ್ಷನ್ ಪೊಟೆನ್ಶಿಯಲ್ ಎಂದೂ ಕರೆಯುತ್ತಾರೆ. ಇದನ್ನು ನಡೆಸುವುದು ಪೊರೆಯಲ್ಲಿ ಹುದುಗಿರುವ ಎರಡು ಬಗೆಯ ಪ್ರೋಟೀನುಗಳು: ಸೋಡಿಯಂ ಚಾನೆಲ್ ಮತ್ತು ಪೊಟ್ಯಾಸಿಯಂ ಚಾನೆಲ್. ಎರಡಕ್ಕೂ ಸಿಗುವ ಸೂಚನೆ ಒಂದೇ. ಆದರೆ ಒಂದು ಬೇಗ ಓಗೊಡುತ್ತದೆ, ಇನ್ನೊಂದು ತಡವಾಗಿ. ಕ್ರಿಯಾವಿಭವದ ಆಕಾರವೆಲ್ಲ ಈ ಹೊತ್ತಿನ ಅಂತರದಿಂದ ಬಂದದ್ದು.

ಇದು ಮೊದಲು ತಿಳಿದದ್ದು ಮನುಷ್ಯನ ನರದಿಂದಲ್ಲ, ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನಿಂದ. ಅಪಾಯ ಕಂಡಾಗ ಮೈಯ ಸ್ನಾಯುಗಳನ್ನು ಒಮ್ಮೆಲೇ ಬಿಗಿದು, ನೀರನ್ನು ಚಿಮ್ಮಿ ಹಿಂದಕ್ಕೆ ಹಾರುವ ಪ್ರಾಣಿ ಅದು. ಆ ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರತಂತು, ಅಂದರೆ ಆಕ್ಸಾನ್, ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನವರೆಗೂ ದಪ್ಪವಿರುತ್ತದೆ. ಮನುಷ್ಯನ ನರತಂತುಗಳು ಇದರ ನೂರರಲ್ಲಿ ಒಂದು ಪಾಲಿನಷ್ಟು ದಪ್ಪವಿರುವುದೂ ಅಪರೂಪ. 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಸಾಗರಜೀವಿ ಪ್ರಯೋಗಾಲಯದಲ್ಲಿ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್ಲಿ ಈ ತಂತುವಿನ ಒಳಕ್ಕೇ ಕೂದಲೆಳೆಯಂಥ ಗಾಜಿನ ನಳಿಗೆಯ ವಿದ್ಯುದಗ್ರವನ್ನು ಉದ್ದಕ್ಕೆ ತೂರಿಸಿ, ಪೊರೆಯ ಎರಡು ಬದಿಗಳ ನಡುವಿನ ವೋಲ್ಟೇಜನ್ನು ನೇರವಾಗಿ ಅಳೆದರು. ಸಂದೇಶ ಹಾಯುವಾಗ ಪೊರೆ ಎಲ್ಲ ಅಯಾನುಗಳಿಗೂ ತೆರೆದುಕೊಂಡು ವೋಲ್ಟೇಜ್ ಸೊನ್ನೆಗೆ ಇಳಿಯುತ್ತದೆ ಎಂದು ಜರ್ಮನಿಯ ಯೂಲಿಯುಸ್ ಬರ್ನ್‌ಸ್ಟೈನ್ 1902ರಲ್ಲಿ ಸೂಚಿಸಿದ್ದರು. ಅಳತೆ ಅದನ್ನು ಒಪ್ಪಲಿಲ್ಲ. ವೋಲ್ಟೇಜ್ ಸೊನ್ನೆಯನ್ನು ದಾಟಿ ಧನದ ಕಡೆಗೆ ಬಹಳ ಮೇಲೆ ಹೋಗಿತ್ತು. ಪೊರೆ ಬರಿದೇ ಸೋರತೊಡಗಿದರೆ ಹಾಗಾಗಲು ಸಾಧ್ಯವಿಲ್ಲ.

ಕಾರಣ ತಿಳಿಯಲು ಪೊರೆಯ ಎರಡೂ ಬದಿಯಲ್ಲಿರುವ ಉಪ್ಪಿನ ಲೆಕ್ಕ ಬೇಕು. ಸ್ಕ್ವಿಡ್ ಆಕ್ಸಾನಿನ ಒಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 400 ಮಿಲಿಮೋಲ್, ಹೊರಗಿನ ದ್ರವದಲ್ಲಿ ಸುಮಾರು 20. ಸೋಡಿಯಂ ಇದಕ್ಕೆ ತಿರುಗುಮುರುಗು: ಒಳಗೆ ಸುಮಾರು 50, ಹೊರಗೆ ಸುಮಾರು 440. ಎರಡೂ ಒಂದೊಂದು ಧನ ವಿದ್ಯುದಂಶ ಹೊತ್ತ ಅಯಾನುಗಳು. ಈ ಅಸಮತೆಯನ್ನು ಕಟ್ಟಿ ಕಾಯುವುದು ಸೋಡಿಯಂ-ಪೊಟ್ಯಾಸಿಯಂ ಪಂಪ್ ಎಂಬ ಬೇರೊಂದು ಪ್ರೋಟೀನು. ಎಟಿಪಿಯ ಶಕ್ತಿ ಬಳಸಿ ಅದು ಪ್ರತಿ ಸುತ್ತಿಗೂ 3 ಸೋಡಿಯಂ ಅಯಾನುಗಳನ್ನು ಹೊರಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ.

ಸುಮ್ಮನಿರುವ ಪೊರೆಯಲ್ಲಿ ಸದಾ ತೆರೆದೇ ಇರುವ ಕೆಲವು ದಾರಿಗಳಿರುತ್ತವೆ; ಅವುಗಳಲ್ಲಿ ಹೆಚ್ಚಿನವು ಪೊಟ್ಯಾಸಿಯಂ ಹಾಯುವ ದಾರಿಗಳು. ಒಳಗೆ ದಟ್ಟವಾಗಿರುವ ಪೊಟ್ಯಾಸಿಯಂ ಅವುಗಳ ಮೂಲಕ ಹೊರಕ್ಕೆ ಸೋರುತ್ತದೆ. ಅದರ ಜೊತೆಗಿದ್ದ ಋಣ ಅಯಾನುಗಳು ಹಿಂಬಾಲಿಸಲಾರವು. ಹೀಗೆ ಒಳಬದಿ ಋಣವಾಗುತ್ತದೆ. ಆ ಋಣವೇ ಪೊಟ್ಯಾಸಿಯಂ ಅನ್ನು ಹಿಂದಕ್ಕೆಳೆಯತೊಡಗುತ್ತದೆ. ಹೊರಕ್ಕೆ ನೂಕುವ ಸಾಂದ್ರತೆಯ ಬಲವೂ ಒಳಕ್ಕೆಳೆಯುವ ವಿದ್ಯುತ್ತಿನ ಬಲವೂ ಸಮನಾಗುವ ವೋಲ್ಟೇಜಿಗೆ ಸಮತೋಲನ ವಿಭವ ಎನ್ನುತ್ತಾರೆ. ಅದನ್ನು ಲೆಕ್ಕ ಹಾಕಲು ನರ್ನ್‌ಸ್ಟ್ ಸಮೀಕರಣ ಇದೆ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೊರಗಿನ ಸಾಂದ್ರತೆಯನ್ನು ಒಳಗಿನದರಿಂದ ಭಾಗಿಸಿ, ಅದರ ಲಾಗರಿದಮ್ಮನ್ನು 58ರಿಂದ ಗುಣಿಸಿದರೆ ಉತ್ತರ ಮಿಲಿವೋಲ್ಟ್‌ನಲ್ಲಿ ಸಿಗುತ್ತದೆ:

ಪೊಟ್ಯಾಸಿಯಂ: 58 × log (20 ÷ 400) ≈ −75

ಸೋಡಿಯಂ: 58 × log (440 ÷ 50) ≈ +55

ಈ ಎರಡು ಸಂಖ್ಯೆಗಳನ್ನು ವಿದ್ಯಾರ್ಥಿ ಕೈಯಲ್ಲಿ ಹಿಡಿದುಕೊಂಡರೆ ಮುಂದಿನ ದಾರಿ ಸಲೀಸು. ಪೊರೆ ಪೊಟ್ಯಾಸಿಯಂಗೆ ಹೆಚ್ಚು ತೆರೆದಿದ್ದರೆ ವೋಲ್ಟೇಜ್ −75ರತ್ತ ಜಗ್ಗುತ್ತದೆ. ಸೋಡಿಯಂಗೆ ಹೆಚ್ಚು ತೆರೆದಿದ್ದರೆ +55ರತ್ತ. ಎರಡಕ್ಕೂ ಸ್ವಲ್ಪ ಸ್ವಲ್ಪ ತೆರೆದಿದ್ದರೆ ನಡುವೆ ಎಲ್ಲೋ ನಿಲ್ಲುತ್ತದೆ. ವಿಶ್ರಾಂತಿಯಲ್ಲಿ ಸೋಡಿಯಂ ಹಾಯುವ ಸುಲಭತೆ ಪೊಟ್ಯಾಸಿಯಂನದಕ್ಕೆ ಹೋಲಿಸಿದರೆ 0.04ರಷ್ಟು ಮಾತ್ರ ಎಂದು ಹಾಡ್ಜ್‌ಕಿನ್ ಮತ್ತು ಬರ್ನಾರ್ಡ್ ಕಾಟ್ಸ್ 1949ರಲ್ಲಿ ಅಂದಾಜಿಸಿದರು. ಕ್ಲೋರೈಡನ್ನು ಬದಿಗಿಟ್ಟು ಎರಡೂ ಅಯಾನುಗಳನ್ನು ಈ ತೂಕದಲ್ಲಿ ಸೇರಿಸಿದರೆ ವೋಲ್ಟೇಜ್ ಹೀಗಾಗುತ್ತದೆ:

58 × log [(20 + 0.04 × 440) ÷ (400 + 0.04 × 50)] ≈ −60

ಕ್ರಿಯಾವಿಭವದ ತುದಿಯಲ್ಲಿ ಅದೇ ಅನುಪಾತ 0.04ರಿಂದ 20ಕ್ಕೆ ಜಿಗಿಯುತ್ತದೆ ಎಂಬುದು ಅವರ ಇನ್ನೊಂದು ಅಂದಾಜು. ಸಮೀಕರಣದಲ್ಲಿ 0.04 ಇದ್ದಲ್ಲೆಲ್ಲ 20 ಇಟ್ಟರೆ ಉತ್ತರ ಸುಮಾರು +46. ಅಳತೆಯಲ್ಲಿ ಕಂಡ ತುದಿ ಇದರ ಆಸುಪಾಸಿನದೇ. ಸಾಂದ್ರತೆಗಳು ಎರಡೂ ಲೆಕ್ಕದಲ್ಲಿ ಒಂದೇ ಆಗಿವೆ ಎಂಬುದನ್ನು ಗಮನಿಸಬೇಕು. ಬದಲಾದದ್ದು ದಾರಿಗಳು ಮಾತ್ರ.

ಸೋಡಿಯಂ ಹೊಣೆ ಎಂಬುದಕ್ಕೆ ಅದೇ ವರ್ಷದ ಪ್ರಯೋಗ ನೇರ ಸಾಕ್ಷ್ಯ ಕೊಟ್ಟಿತು. ಆಕ್ಸಾನನ್ನು ಮುಳುಗಿಸಿದ್ದ ಸಮುದ್ರದ ನೀರಿನಲ್ಲಿ ಸೋಡಿಯಂ ಕಡಿಮೆ ಮಾಡಿದಂತೆ ಕ್ರಿಯಾವಿಭವದ ಎತ್ತರವೂ ಏರುವ ವೇಗವೂ ತಗ್ಗಿದವು. ಮತ್ತೆ ಮಾಮೂಲು ನೀರು ಹಾಕಿದರೆ ಎರಡೂ ಮರಳಿದವು. ಆದರೆ ವಿಶ್ರಾಂತಿಯ ವೋಲ್ಟೇಜ್ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಸುಮ್ಮನಿರುವ ಪೊರೆಗೆ ಸೋಡಿಯಂ ಮುಖ್ಯವಲ್ಲ, ಮಿಡಿಯುವ ಪೊರೆಗೆ ಅದೇ ಮುಖ್ಯ.

ಹಾಗಾದರೆ ದಾರಿ ತೆರೆಯುವುದು ಹೇಗೆ? ಪೊರೆಯ ದಪ್ಪ 5 ನ್ಯಾನೊಮೀಟರಿಗಿಂತ ಹೆಚ್ಚಿಲ್ಲ. ಅಷ್ಟು ತೆಳುವಿನ ಆಚೀಚೆ 60 ಮಿಲಿವೋಲ್ಟ್ ಇದ್ದರೆ, ಅದು ಮೀಟರಿಗೆ 1 ಕೋಟಿ ವೋಲ್ಟ್ ಮೀರಿದ ವಿದ್ಯುತ್ ಕ್ಷೇತ್ರ. ಚಾನೆಲ್‌ನ ಪ್ರೋಟೀನು ಈ ಕ್ಷೇತ್ರದೊಳಗೇ ಕುಳಿತಿದೆ. ಅದರಲ್ಲಿ ನಾಲ್ಕು ಒಂದೇ ಬಗೆಯ ಭಾಗಗಳಿದ್ದು, ಪ್ರತಿ ಭಾಗದಲ್ಲೂ ಮೂರಕ್ಕೊಂದರಂತೆ ಧನ ವಿದ್ಯುದಂಶದ ಅಮೈನೊ ಆಮ್ಲಗಳನ್ನು ಹೊತ್ತ ಒಂದು ಸುರುಳಿ ಇದೆ. ಒಳಬದಿ ಋಣವಾಗಿರುವವರೆಗೆ ಈ ಧನ ಸುರುಳಿಗಳು ಒಳಕ್ಕೆ ಸೆಳೆಯಲ್ಪಟ್ಟು ಚಾನೆಲ್ ಮುಚ್ಚಿರುತ್ತದೆ. ಒಳಬದಿಯ ಋಣ ತಗ್ಗಿದರೆ ಸೆಳೆತ ಸಡಿಲಾಗಿ ಸುರುಳಿಗಳು ಹೊರಮುಖವಾಗಿ ಸರಿಯುತ್ತವೆ. ಆ ಚಲನೆಯೇ ನಡುವಿನ ರಂಧ್ರವನ್ನು ತೆರೆಯುತ್ತದೆ. ಚಾನೆಲ್‌ಗಳಿಗೆ ಸಿಗುವ ಸೂಚನೆ ಇದೇ. ಸೋಡಿಯಂ ಚಾನೆಲ್‌ಗೂ ಪೊಟ್ಯಾಸಿಯಂ ಚಾನೆಲ್‌ಗೂ ಇದರಲ್ಲಿ ಭೇದವಿಲ್ಲ.

ಒಂದೊಂದು ಚಾನೆಲ್ ಅರೆಬರೆ ತೆರೆಯುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅದು ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ, ಮತ್ತು ಯಾವ ಗಳಿಗೆಯಲ್ಲಿ ತೆರೆಯುತ್ತದೆ ಎಂಬುದು ಆಕಸ್ಮಿಕ. ವೋಲ್ಟೇಜ್ ಬದಲಿಸುವುದು ತೆರೆಯುವ ಸಂಭವವನ್ನು ಮಾತ್ರ. ಪಠ್ಯದಲ್ಲಿ ಕಾಣುವ ನುಣುಪಾದ ಗೆರೆ ಸಾವಿರಾರು ಚಾನೆಲ್‌ಗಳ ಒಟ್ಟು ಲೆಕ್ಕ. ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ಒಂದೇ ಚಾನೆಲ್‌ನ ವಿದ್ಯುತ್ತನ್ನು ಅಳೆದಾಗ ಕಂಡದ್ದು ಮೆಟ್ಟಿಲಿನಂತೆ ಹಠಾತ್ತಾಗಿ ಏರಿ ಹಠಾತ್ತಾಗಿ ಇಳಿಯುವ ಗೆರೆ. ತೆರೆದ ಒಂದು ಚಾನೆಲ್‌ನ ಮೂಲಕ ಸೆಕೆಂಡಿಗೆ ಸುಮಾರು 1 ಕೋಟಿ ಅಯಾನುಗಳ ವೇಗದಲ್ಲಿ ಹರಿವು ಇರುತ್ತದೆ.

ಈಗ ಯಾವುದೋ ಕಾರಣಕ್ಕೆ, ಪಕ್ಕದ ಪೊರೆಯಿಂದ ಬಂದ ವಿದ್ಯುತ್ತಿನಿಂದಲೋ ಬೇರೊಂದು ನರಕೋಶದ ಪ್ರಚೋದನೆಯಿಂದಲೋ, ಪೊರೆಯ ಒಂದು ತಾಣದಲ್ಲಿ ಒಳಬದಿಯ ಋಣ −60ರಿಂದ −55ಕ್ಕೆ ತಗ್ಗಿತು ಎನ್ನೋಣ. ಕೆಲವು ಸೋಡಿಯಂ ಚಾನೆಲ್‌ಗಳು ತೆರೆಯುತ್ತವೆ. ಸಾಂದ್ರತೆಯೂ ವಿದ್ಯುತ್ತೂ ಒಂದೇ ದಿಕ್ಕಿಗೆ ನೂಕುವುದರಿಂದ ಸೋಡಿಯಂ ಒಳನುಗ್ಗುತ್ತದೆ. ಆದರೆ ಋಣ ತಗ್ಗಿದ್ದರಿಂದ ಪೊಟ್ಯಾಸಿಯಂ ಹೊರಸೋರುವುದೂ ಹೆಚ್ಚಾಗುತ್ತದೆ. ತೂತುಬಿದ್ದ ಕೊಡಕ್ಕೆ ಸಣ್ಣಗೆ ನೀರು ಬಿಟ್ಟಂತೆ, ಬಂದಷ್ಟಕ್ಕಿಂತ ಹೆಚ್ಚು ಹೋಗುತ್ತಿದ್ದರೆ ಮಟ್ಟ ಏರದು. ವೋಲ್ಟೇಜ್ ಮತ್ತೆ −60ಕ್ಕೆ ಕುಸಿಯುತ್ತದೆ. ಇನ್ನಷ್ಟು ತಳ್ಳಿ, ಹತ್ತು ಹದಿನೈದು ಮಿಲಿವೋಲ್ಟ್ ಮೇಲಕ್ಕೇರಿಸಿದರೆ, ಒಳಬರುವ ಸೋಡಿಯಂ ಹೊರಹೋಗುವ ಪೊಟ್ಯಾಸಿಯಂ ಅನ್ನು ಮೀರಿಸುವ ಒಂದು ಮಟ್ಟ ಬರುತ್ತದೆ. ಅದೇ ಹೊಸ್ತಿಲು ವೋಲ್ಟೇಜ್. ಅದು ಪ್ರೋಟೀನಿನಲ್ಲಿ ಬರೆದಿಟ್ಟ ಸ್ಥಿರ ಸಂಖ್ಯೆಯಲ್ಲ. ಎರಡು ಹರಿವುಗಳ ತಕ್ಕಡಿ ವಾಲುವ ಜಾಗ ಅಷ್ಟೇ. ಪೊರೆಯ ಸ್ಥಿತಿ ಬದಲಾದರೆ ಹೊಸ್ತಿಲೂ ಬದಲಾಗುತ್ತದೆ.

ಹೊಸ್ತಿಲು ದಾಟಿದ ಮೇಲೆ ಹೊರಗಿನ ಪ್ರಚೋದನೆ ಬೇಕಿಲ್ಲ. ಒಳಬಂದ ಸೋಡಿಯಂ ಋಣವನ್ನು ತಗ್ಗಿಸುತ್ತದೆ, ಋಣ ತಗ್ಗಿದ್ದರಿಂದ ಇನ್ನಷ್ಟು ಸೋಡಿಯಂ ಚಾನೆಲ್‌ಗಳು ತೆರೆಯುತ್ತವೆ, ಅವು ಇನ್ನಷ್ಟು ಸೋಡಿಯಂ ಬಿಡುತ್ತವೆ. ತನ್ನನ್ನು ತಾನೇ ಬೆಳೆಸಿಕೊಳ್ಳುವ ಈ ಸುತ್ತು ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ವೋಲ್ಟೇಜನ್ನು ಸೊನ್ನೆ ದಾಟಿಸಿ +40ರ ಸುಮಾರಿಗೆ ಒಯ್ಯುತ್ತದೆ. ಪ್ರಚೋದನೆ ಹೊಸ್ತಿಲನ್ನು ಕೂದಲೆಳೆಯಷ್ಟು ದಾಟಿರಲಿ, ಬಹಳ ದಾಟಿರಲಿ, ತುದಿಯ ಎತ್ತರ ಹೆಚ್ಚುಕಡಿಮೆ ಒಂದೇ. ಏಕೆಂದರೆ ಎತ್ತರವನ್ನು ನಿರ್ಧರಿಸುವುದು ಪ್ರಚೋದನೆಯಲ್ಲ, ಸೋಡಿಯಂನ ಸಮತೋಲನ ವಿಭವ. ಅದಕ್ಕೇ ಕ್ರಿಯಾವಿಭವ ಹುಟ್ಟಿದರೆ ಪೂರ್ತಿ ಹುಟ್ಟುತ್ತದೆ, ಇಲ್ಲದಿದ್ದರೆ ಇಲ್ಲ.

ತುದಿ +55ನ್ನು ಮುಟ್ಟದೆ ನಿಲ್ಲುವುದಕ್ಕೆ ಎರಡು ಕಾರಣ. ಮೊದಲನೆಯದು ಸೋಡಿಯಂ ಚಾನೆಲ್‌ನಲ್ಲೇ ಇದೆ. ತೆರೆದ ಸ್ವಲ್ಪ ಹೊತ್ತಿಗೆ, ಪ್ರೋಟೀನಿನ ಒಳಬದಿಯಲ್ಲಿ ಮೂರನೆಯ ಮತ್ತು ನಾಲ್ಕನೆಯ ಭಾಗಗಳನ್ನು ಬೆಸೆದಿರುವ ಒಂದು ಕುಣಿಕೆ ತಾನಾಗಿ ಮಡಚಿಕೊಂಡು ರಂಧ್ರದ ಹರಿವನ್ನು ನಿಲ್ಲಿಸುತ್ತದೆ. ಇದಕ್ಕೆ ನಿಷ್ಕ್ರಿಯತೆ ಎನ್ನುತ್ತಾರೆ. ಮುಚ್ಚಿದ ಸ್ಥಿತಿಗೂ ನಿಷ್ಕ್ರಿಯ ಸ್ಥಿತಿಗೂ ಇರುವ ಭೇದವನ್ನು ಹೊಸಬರು ಮರೆಯುವುದೇ ಹೆಚ್ಚು, ಮತ್ತು ಈ ಅಧ್ಯಾಯದ ಬಹುಪಾಲು ತಪ್ಪು ಉತ್ತರಗಳ ಬೇರು ಅಲ್ಲಿದೆ. ಮುಚ್ಚಿದ ಚಾನೆಲ್ ವೋಲ್ಟೇಜ್ ಏರಿದರೆ ತೆರೆಯುತ್ತದೆ. ನಿಷ್ಕ್ರಿಯ ಚಾನೆಲ್ ಎಷ್ಟು ಏರಿಸಿದರೂ ತೆರೆಯದು. ಒಳಬದಿ ಮತ್ತೆ ಸಾಕಷ್ಟು ಋಣವಾಗಿ, ಕುಣಿಕೆ ಬಿಟ್ಟುಕೊಂಡು, ಚಾನೆಲ್ ಮುಚ್ಚಿದ ಸ್ಥಿತಿಗೆ ಮರಳಿದ ಮೇಲೆಯೇ ಅದಕ್ಕೆ ಮುಂದಿನ ಸರದಿ.

ಎರಡನೆಯದು ಪೊಟ್ಯಾಸಿಯಂ ಚಾನೆಲ್. ಸೋಡಿಯಂ ಚಾನೆಲ್‌ಗೆ ಸಿಕ್ಕ ಗಳಿಗೆಯಲ್ಲೇ ಅದಕ್ಕೂ ಸೂಚನೆ ಸಿಕ್ಕಿತ್ತು. ಆದರೆ ಅದರ ಸುರುಳಿಗಳು ನಿಧಾನವಾಗಿ ಸರಿಯುತ್ತವೆ, ನಾಲ್ಕೂ ಸರಿದ ಮೇಲೆಯೇ ರಂಧ್ರ ತೆರೆಯುತ್ತದೆ. ಅಷ್ಟರಲ್ಲಿ ಸೋಡಿಯಂನ ಕೆಲಸ ಮುಗಿಯುತ್ತ ಬಂದಿರುತ್ತದೆ. ಒಳಬದಿ ಧನವಾಗಿರುವಾಗ ತೆರೆದುಕೊಂಡ ಈ ದಾರಿಯಲ್ಲಿ ಪೊಟ್ಯಾಸಿಯಂ ಭರದಿಂದ ಹೊರಹರಿದು ವೋಲ್ಟೇಜನ್ನು ಕೆಳಗಿಳಿಸುತ್ತದೆ. ಮುಚ್ಚುವುದರಲ್ಲೂ ಅದು ನಿಧಾನ. ವೋಲ್ಟೇಜ್ −60ಕ್ಕೆ ಬಂದಾಗಲೂ ಬಹಳಷ್ಟು ಚಾನೆಲ್‌ಗಳು ತೆರೆದೇ ಇರುವುದರಿಂದ ಇಳಿತ ಅಲ್ಲಿಗೆ ನಿಲ್ಲದೆ −75ರತ್ತ ಜಾರಿ, ಅವು ಮುಚ್ಚಿದಂತೆಲ್ಲ ನಿಧಾನವಾಗಿ ಹಿಂದಿನ ಮಟ್ಟಕ್ಕೆ ಬರುತ್ತದೆ.

ತುದಿಯ ನಂತರದ ಒಂದೆರಡು ಮಿಲಿಸೆಕೆಂಡು ಆ ತಾಣ ಹೊಸ ಪ್ರಚೋದನೆಗೆ ಓಗೊಡದಿರುವುದು ಸೋಡಿಯಂ ಚಾನೆಲ್‌ಗಳು ನಿಷ್ಕ್ರಿಯವಾಗಿರುವುದರಿಂದ. ಅದಾದ ಮೇಲೆ ಸ್ವಲ್ಪ ಹೊತ್ತು ಹೆಚ್ಚು ಬಲವಾದ ಪ್ರಚೋದನೆ ಬೇಕಾಗುವುದು, ಕೆಲವು ಸೋಡಿಯಂ ಚಾನೆಲ್‌ಗಳು ಇನ್ನೂ ಚೇತರಿಸಿಕೊಳ್ಳದೆ, ಪೊಟ್ಯಾಸಿಯಂ ದಾರಿಗಳು ಇನ್ನೂ ಮುಚ್ಚದೆ ಇರುವುದರಿಂದ. ಮಿಡಿತ ತಂತುವಿನಲ್ಲಿ ಬಂದ ದಾರಿಗೇ ಹಿಂದಿರುಗದೆ ಮುಂದಕ್ಕಷ್ಟೇ ಸಾಗುವುದಕ್ಕೂ ಕಾರಣ ಇದೇ.

ಎರಡು ಹರಿವುಗಳು ಒಂದರ ಮೇಲೊಂದು ಬಿದ್ದಿರುವಾಗ ಅವನ್ನು ಬಿಡಿಸಿ ನೋಡಿದ್ದು ಹೇಗೆ ಎಂಬುದು ತಿಳಿಯತಕ್ಕ ಸಂಗತಿ. ತೊಡಕು ಇದ್ದದ್ದು ಆ ಸುತ್ತಿನಲ್ಲೇ: ವೋಲ್ಟೇಜ್ ಚಾನೆಲ್‌ಗಳನ್ನು ಬದಲಿಸುತ್ತದೆ, ಚಾನೆಲ್‌ಗಳು ವೋಲ್ಟೇಜನ್ನು ಬದಲಿಸುತ್ತವೆ. ಅಮೆರಿಕದ ಕೆನೆತ್ ಕೋಲ್ ರೂಪಿಸಿದ ವೋಲ್ಟೇಜ್ ಕ್ಲ್ಯಾಂಪ್ ಎಂಬ ವಿಧಾನ ಆ ಸುತ್ತನ್ನು ಕಡಿಯಿತು. ಅದರಲ್ಲಿ ಒಂದು ವಿದ್ಯುತ್ ಮಂಡಲ ಪೊರೆಯ ವೋಲ್ಟೇಜನ್ನು ಬೇಕಾದ ಮಟ್ಟದಲ್ಲಿ ಬಿಗಿಹಿಡಿದು, ಹಾಗೆ ಹಿಡಿದಿಡಲು ಎಷ್ಟು ವಿದ್ಯುತ್ ಹರಿಸಬೇಕಾಯಿತು ಎಂದು ತಿಳಿಸುತ್ತದೆ. ಪೊರೆಯ ಮೂಲಕ ಹರಿದದ್ದೂ ಅಷ್ಟೇ. ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ವೋಲ್ಟೇಜನ್ನು ವಿಶ್ರಾಂತಿಯಿಂದ ಸೊನ್ನೆಯ ಆಸುಪಾಸಿಗೆ ಒಮ್ಮೆಲೇ ಏರಿಸಿ ಹಿಡಿದಾಗ, ಮೊದಲು ಸ್ವಲ್ಪ ಹೊತ್ತು ಒಳಮುಖದ ಹರಿವು, ಆಮೇಲೆ ಹಿಡಿದಿಟ್ಟಷ್ಟು ಹೊತ್ತೂ ಹೊರಮುಖದ ಹರಿವು ಕಂಡಿತು. ನಂತರ ಹೊರಗಿನ ಸೋಡಿಯಂನ ಜಾಗದಲ್ಲಿ, ಚಾನೆಲ್ ದಾಟಲಾರದ ಕೋಲೀನ್ ಅಯಾನನ್ನು ಇಟ್ಟು ಅದೇ ಪ್ರಯೋಗ ಮಾಡಿದರು. ಒಳಮುಖದ ಹರಿವು ಮಾಯವಾಯಿತು. ತಡವಾದ ಹೊರಹರಿವು ಹಾಗೆಯೇ ಉಳಿಯಿತು. ಮೊದಲ ಗೆರೆಯಿಂದ ಎರಡನೆಯದನ್ನು ಕಳೆದರೆ ಸಿಕ್ಕದ್ದು ಸೋಡಿಯಂನ ಪಾಲು: ಬೇಗ ಏರಿ ತಾನಾಗಿ ಇಳಿಯುವ ಗೆರೆ. ಉಳಿದದ್ದು ಪೊಟ್ಯಾಸಿಯಂ: ತಡವಾಗಿ ಏರಿ, ಏರಿದಲ್ಲೇ ನಿಲ್ಲುವ ಗೆರೆ.

ಮುಂದೆ ವಿಷಗಳು ಇದನ್ನೇ ದೃಢಪಡಿಸಿದವು. ಪಫರ್ ಮೀನಿನ ಟೆಟ್ರೊಡೊಟಾಕ್ಸಿನ್ ಸೋಡಿಯಂ ಚಾನೆಲ್‌ನ ಹೊರಬಾಯಿಯನ್ನು ಮುಚ್ಚುತ್ತದೆ. ಒಳಮುಖದ ಹರಿವಷ್ಟೇ ಅಳಿಯುತ್ತದೆ. ಟೆಟ್ರಾಎಥಿಲ್ ಅಮೋನಿಯಂ ಪೊಟ್ಯಾಸಿಯಂ ಚಾನೆಲನ್ನು ಮುಚ್ಚುತ್ತದೆ. ಆಗ ಕ್ರಿಯಾವಿಭವ ಎಂದಿನಂತೆ ಏರಿದರೂ ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ. ಒಂದನ್ನು ಮುಟ್ಟದೆ ಇನ್ನೊಂದನ್ನು ನಿಲ್ಲಿಸಬಹುದು ಎಂದಾದರೆ ಅವು ಬೇರೆ ಬೇರೆ ದಾರಿಗಳೇ ಸರಿ.

1952ರಲ್ಲಿ ಇಬ್ಬರೂ ತಮ್ಮ ಅಳತೆಗಳಿಂದ ಸಮೀಕರಣಗಳನ್ನು ಕಟ್ಟಿದರು. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಬಳಕೆಗೆ ಸಿಗದ ಕಾರಣ ಹಕ್ಸ್ಲಿ ಕೈಯಿಂದ ತಿರುಗಿಸುವ ಲೆಕ್ಕಯಂತ್ರದಲ್ಲೇ ಅವನ್ನು ಬಿಡಿಸಿದರು. ಹಿಡಿದಿಟ್ಟ ವೋಲ್ಟೇಜಿನಲ್ಲಿ ಮಾಡಿದ ಅಳತೆಗಳಿಂದಲೇ ಓಡುವ ಮಿಡಿತದ ವೇಗ ಸೆಕೆಂಡಿಗೆ 18.8 ಮೀಟರ್ ಎಂಬ ಉತ್ತರ ಬಂತು. ನಿಜವಾದ ಆಕ್ಸಾನಿನಲ್ಲಿ ಅಳೆದಾಗ ಇದ್ದದ್ದು 21.2. ಎರಡು ಬಗೆಯ ಚಾನೆಲ್‌ಗಳ ನಡತೆಯನ್ನು ಬಿಟ್ಟು ಮತ್ತೇನನ್ನೂ ಊಹಿಸದೆ ಇಷ್ಟು ಹತ್ತಿರ ಬಂದದ್ದು ಜೀವವಿಜ್ಞಾನದಲ್ಲಿ ಅಪರೂಪದ ಸಾಧನೆ. 1963ರ ನೊಬೆಲ್ ಪುರಸ್ಕಾರವನ್ನು ಅವರಿಬ್ಬರು ಜಾನ್ ಎಕಲ್ಸ್ ಜೊತೆ ಹಂಚಿಕೊಂಡರು.

ಇಳಿಮುಖಕ್ಕೆ ಪಂಪ್ ಕಾರಣ ಎಂದು ಬರೆಯುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಒಂದು ಲೆಕ್ಕ ಮಾಡಿದರೆ ಆ ತಪ್ಪು ಕಳಚುತ್ತದೆ. ಪೊರೆ ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯ ಚದರ ಸೆಂಟಿಮೀಟರಿಗೆ ಸುಮಾರು 1 ಮೈಕ್ರೊಫ್ಯಾರಡ್. ಅದರ ವೋಲ್ಟೇಜನ್ನು 100 ಮಿಲಿವೋಲ್ಟ್ ಬದಲಿಸಲು ಬೇಕಾಗುವುದು ಬರೀ 1 ಪಿಕೊಮೋಲ್ ಅಯಾನು, ಅಂದರೆ ಒಂದು ಮೋಲ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಸೋಡಿಯಂ ಬರುವಾಗಲೇ ಪೊಟ್ಯಾಸಿಯಂ ಹೋಗುತ್ತಿರುವುದರಿಂದ ನಿಜವಾದ ಹರಿವು ಇದರ ಮೂರು ನಾಲ್ಕು ಪಟ್ಟು. ಅರ್ಧ ಮಿಲಿಮೀಟರ್ ದಪ್ಪದ ಆಕ್ಸಾನಿನಲ್ಲಿ ಅಷ್ಟೇ ಪೊರೆಯ ಹಿಂದೆ ಇರುವ ಪೊಟ್ಯಾಸಿಯಂ ಸುಮಾರು 5 ಮೈಕ್ರೊಮೋಲ್. ಒಂದು ಮಿಡಿತಕ್ಕೆ ಖರ್ಚಾಗುವುದು ಅದರಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು. ಪಂಪನ್ನು ವಿಷವಿಟ್ಟು ನಿಲ್ಲಿಸಿದ ಮೇಲೂ ದೈತ್ಯ ಆಕ್ಸಾನ್ ಸಾವಿರಾರು ಮಿಡಿತಗಳನ್ನು ಕಳಿಸಬಲ್ಲದು. ಪಂಪ್ ದಾಸ್ತಾನನ್ನು ಕಾಯುತ್ತದೆ. ಪ್ರತಿ ಮಿಡಿತದ ಏರಿಳಿತದಲ್ಲಿ ಅದರ ಕೈ ಇಲ್ಲ.

ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಏನಾಗುತ್ತದೆ ಎಂಬುದು ಇದೇ ತರ್ಕದ ಒಳ್ಳೆಯ ಪರೀಕ್ಷೆ. ಮನುಷ್ಯನ ದೇಹದ ಉಷ್ಣತೆಯಲ್ಲಿ 58ರ ಬದಲು ಸುಮಾರು 61 ಬಳಸಬೇಕು. ಕೋಶದೊಳಗೆ 140, ಹೊರಗೆ 4 ಮಿಲಿಮೋಲ್ ಇದ್ದಾಗ ಪೊಟ್ಯಾಸಿಯಂನ ಸಮತೋಲನ ವಿಭವ ಸುಮಾರು −94. ಮೂತ್ರಪಿಂಡ ಕೈಕೊಟ್ಟು ಹೊರಗಿನದು 8ಕ್ಕೆ ಏರಿದರೆ ಅದು ಸುಮಾರು −76. ವಿಶ್ರಾಂತಿಯ ವೋಲ್ಟೇಜ್ ಹೊಸ್ತಿಲಿಗೆ ಹತ್ತಿರವಾಗುವುದರಿಂದ ಕೋಶ ಹೆಚ್ಚು ಚುರುಕಾಗಬೇಕು ಎನಿಸುತ್ತದೆ. ಆರಂಭದಲ್ಲಿ ಹಾಗಾಗುವುದೂ ಉಂಟು. ಆದರೆ ಏರಿಕೆ ನಿಧಾನವಾಗಿದ್ದು ಹಾಗೆಯೇ ನಿಂತರೆ, ಸೋಡಿಯಂ ಚಾನೆಲ್‌ಗಳು ಮಿಡಿತ ಹುಟ್ಟಿಸುವ ಮೊದಲೇ ಒಂದೊಂದಾಗಿ ನಿಷ್ಕ್ರಿಯವಾಗುತ್ತವೆ. ಅವು ಚೇತರಿಸಿಕೊಳ್ಳಲು ಬೇಕಾದಷ್ಟು ಋಣ ಮತ್ತೆ ಒದಗುವುದಿಲ್ಲ. ಸ್ನಾಯುಗಳು ಸೋಲುತ್ತವೆ, ಹೃದಯದ ಲಯ ತಪ್ಪುತ್ತದೆ, ಕೊನೆಗೆ ಹೃದಯ ನಿಲ್ಲಲೂಬಹುದು.

ಸ್ಕ್ವಿಡ್‌ನ ಲೆಕ್ಕವನ್ನು ಎಲ್ಲ ನರಗಳಿಗೂ ಹಾಗೆಯೇ ಹೊಂದಿಸಲಾಗದು. ಸಸ್ತನಿಗಳ ಮಯಲಿನ್ ಹೊದ್ದ ತಂತುಗಳಲ್ಲಿ, ಮಿಡಿತ ಹುಟ್ಟುವ ರ‍್ಯಾನ್ವಿಯೇ ಗೆಣ್ಣುಗಳಲ್ಲಿ ಸೋಡಿಯಂ ಚಾನೆಲ್‌ಗಳು ಕಿಕ್ಕಿರಿದಿದ್ದರೂ ತಡವಾಗಿ ತೆರೆಯುವ ಪೊಟ್ಯಾಸಿಯಂ ಚಾನೆಲ್‌ಗಳ ಪಾಲು ತೀರಾ ಕಡಿಮೆ. ಅಲ್ಲಿ ವೋಲ್ಟೇಜನ್ನು ಇಳಿಸುವ ಕೆಲಸ ಮುಖ್ಯವಾಗಿ ಸೋಡಿಯಂ ಚಾನೆಲ್‌ಗಳ ನಿಷ್ಕ್ರಿಯತೆ ಮತ್ತು ಸದಾ ತೆರೆದಿರುವ ಸೋರುದಾರಿಗಳ ಮೇಲೆ ಬೀಳುತ್ತದೆ. ಹೃದಯದ ಸ್ನಾಯುಕೋಶದಲ್ಲಿ ಕ್ಯಾಲ್ಸಿಯಂ ಚಾನೆಲ್‌ಗಳೂ ಸೇರಿಕೊಂಡು, ಒಂದು ಕ್ರಿಯಾವಿಭವ 200 ಮಿಲಿಸೆಕೆಂಡಿಗೂ ಮೀರಿ ಎಳೆಯುತ್ತದೆ.